ಕೋಡಿನ ಮೇಲೆ ಜರ್ಮನ್ ಟಿಪ್ಪಣಿ: ಯಾವುದು ಹಗುರ, ಯಾವುದು ಭಾರ?

ಜರ್ಮನ್ ಸಹೋದ್ಯೋಗಿಯೊಬ್ಬರು ನೀವು ಬರೆದ ಕೋಡಿನ ಪಕ್ಕದಲ್ಲಿ ‘ಕನ್ ಮನ್ ಜ಼ೋ ಮಖೆನ್’ ಎಂದು ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ‘ಹೀಗೂ ಮಾಡಬಹುದು’ ಎಂದು ಅದರ ಅರ್ಥ. ಒಪ್ಪಿಗೆ ಸಿಕ್ಕಿತೆಂದು ಖುಷಿಪಡಲು ಅವಸರ ಬೇಡ. ಎಷ್ಟೋ ಸಲ ಆ ಮಾತಿನ ಹಿಂದೆ ‘ನಾನಾಗಿದ್ದರೆ ಮಾಡುತ್ತಿರಲಿಲ್ಲ’ ಎಂಬ ಬಾಯಿಬಿಡದ ಅರ್ಧ ಇರುತ್ತದೆ. ಅದೇ ವ್ಯಕ್ತಿ ಇನ್ನೊಂದು ಸಾಲಿಗೆ ‘ಡಸ್ ಕ್ನಲ್ಟ್’, ಅಂದರೆ ‘ಇದು ಢಮಾರ್ ಅನ್ನುತ್ತೆ’ ಎಂದು ಬರೆದಿದ್ದರೆ, ಬೈದರು ಅಂದುಕೊಂಡು ಮುಖ ಸಣ್ಣದು ಮಾಡಿಕೊಳ್ಳಬೇಕಾಗಿಯೂ ಇಲ್ಲ. ಪ್ರೋಗ್ರಾಂ ಅಲ್ಲಿ ನಿಂತುಹೋಗುತ್ತದೆ ಎಂಬ ಮಾಹಿತಿಯಷ್ಟೇ ಅದು.

ಜರ್ಮನಿಯ ಸಾಫ್ಟ್‌ವೇರ್ ತಂಡಗಳಿಗೆ ಹೊರಗಿನಿಂದ ಹೋಗಿ ಸೇರುವವರು ತಡವರಿಸುವುದು ಸಾಮಾನ್ಯವಾಗಿ ಇಂಥ ಕಡೆಯೇ. ತಾಂತ್ರಿಕ ಪದಗಳು ಅವರಿಗೆ ತೊಡಕಲ್ಲ. ಬ್ರ್ಯಾಂಚ್, ಬಗ್, ಟಿಕೆಟ್ ಎಲ್ಲವೂ ಅಲ್ಲಿಯೂ ಅವೇ. ಒಂದು ಮಾತಿಗೆ ಎಷ್ಟು ತೂಕ ಕೊಡಬೇಕು ಎಂಬುದು ತಿಳಿಯದೆ ಕೆಲಸ ಕೆಡುತ್ತದೆ.

ಎರಡು ಸಂದರ್ಭಗಳಲ್ಲಿ ಇದು ದಿನವೂ ಎದುರಾಗುತ್ತದೆ. ಒಂದು, ಕೋಡ್ ರಿವ್ಯೂ. ಒಬ್ಬರು ಬರೆದ ಕೋಡನ್ನು ಮುಖ್ಯ ಪ್ರತಿಗೆ ಸೇರಿಸುವ ಮೊದಲು ಇನ್ನೊಬ್ಬರು ಸಾಲು ಸಾಲಾಗಿ ಓದಿ ಟಿಪ್ಪಣಿ ಹಾಕುತ್ತಾರೆ. ಇನ್ನೊಂದು, ಬೆಳಗಿನ ಸ್ಟ್ಯಾಂಡಪ್ ಸಭೆ. ಜರ್ಮನ್ನರು ಇದನ್ನು ‘ಡೈಲಿ’ ಎನ್ನುತ್ತಾರೆ. ಸ್ಕ್ರಮ್ ಪದ್ಧತಿಯ ಕೈಪಿಡಿ ಇದಕ್ಕೆ ಕೊಡುವ ಸಮಯ 15 ನಿಮಿಷ. ‘ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀಯ, ಅಡ್ಡಿ ಏನಿದೆ’ ಎಂಬ ಮೂರು ಪ್ರಶ್ನೆಗಳನ್ನು ಆ ಕೈಪಿಡಿ 2020ರ ಆವೃತ್ತಿಯಲ್ಲಿ ಕೈಬಿಟ್ಟಿತು. ತಂಡಗಳು ಬಿಟ್ಟಿಲ್ಲ, ಜರ್ಮನ್ ಬಾಯಿಗಳಲ್ಲಿ ಈಗಲೂ ಅದೇ ಕ್ರಮ ಓಡುತ್ತದೆ.

ಅಲ್ಲೆಲ್ಲ ಇಂಗ್ಲಿಷ್ ಸಾಲದೇ ಎಂದು ಕೇಳಬಹುದು. ಬರ್ಲಿನ್ನಿನ ಸ್ಟಾರ್ಟಪ್‌ಗಳಲ್ಲಿ ಬಹುಮಟ್ಟಿಗೆ ಸಾಕು. ವಿಮಾ ಕಂಪನಿ, ಸರಕಾರಿ ಇಲಾಖೆ, ಸಣ್ಣ ಊರಿನ ಯಂತ್ರ ತಯಾರಕರ ಕಡೆ ಹೋದರೆ ಮಾತು ಜರ್ಮನ್‌ಗೆ ತಿರುಗುತ್ತದೆ. ಗ್ರಾಹಕರ ದಾಖಲೆಗಳೇ ಜರ್ಮನ್‌ನಲ್ಲಿದ್ದಾಗ ಕೋಡಿನೊಳಗೂ ಅದು ಇಳಿಯುತ್ತದೆ. ಬೆಂಗಳೂರಿನಲ್ಲಿ ಎಸ್‌ಎಪಿ ತಂತ್ರಾಂಶದ ಮೇಲೆ ಕೆಲಸ ಮಾಡುವವರು ಇದನ್ನು ಗೊತ್ತಿಲ್ಲದೆಯೇ ದಿನವಿಡೀ ಟೈಪ್ ಮಾಡುತ್ತಾರೆ. 1972ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಆ ಕಂಪನಿಯ ಡೇಟಾಬೇಸ್‌ನಲ್ಲಿ `BUKRS` ಎಂದರೆ ‘ಬೂಖುಂಗ್ಸ್‌ಕ್ರೈಸ್’, ಪ್ರತ್ಯೇಕ ಲೆಕ್ಕಪತ್ರ ಇಡುವ ಘಟಕ. `KUNNR` ಎಂದರೆ ‘ಕುಂಡೆನ್‌ನುಮ್ಮರ್’, ಗ್ರಾಹಕರ ಸಂಖ್ಯೆ.

ಒಂದು ಕೋಡು, ಐದು ಟಿಪ್ಪಣಿ

ಒಂದು ಉದಾಹರಣೆಯನ್ನು ಕಟ್ಟಿಕೊಂಡು ಪೂರ್ತಿ ನೋಡೋಣ. ಶ್ಟುಟ್‌ಗಾರ್ಟ್‌ನ ಒಂದು ತಂಡ. ಇಬ್ಬರು ಜರ್ಮನ್ನರು, ಒಬ್ಬಾಕೆ ಪೋಲೆಂಡಿನವಳು, ಒಬ್ಬ ಸ್ಪೇನಿನವನು, ದಾವಣಗೆರೆಯಿಂದ ಹೋದ ಒಬ್ಬ ಹುಡುಗ. ಬಿಡಿಭಾಗ ಮಾರುವವರಿಗೆ ಬಿಲ್ ಮಾಡಿಕೊಡುವ ತಂತ್ರಾಂಶ ಅವರದು. ಬಳಕೆದಾರ ಟೈಪ್ ಮಾಡಿದ ಮೊತ್ತವನ್ನು ಓದಿ ಬಿಲ್ಲಿಗೆ ಹಾಕುವ ಕೆಲಸ ನಮ್ಮ ಹುಡುಗನ ಪಾಲಿಗೆ ಬಂತು. ಅವನು ಬರೆದದ್ದು ಹೀಗೆ:

```java
double b = Double.parseDouble(eingabe);
if (b > 0) {
    rechnung.setBetrag(b);
}
```

ಇಲ್ಲಿ `eingabe` ಎಂದರೆ ಬಳಕೆದಾರ ಒಳಗೆ ಕೊಟ್ಟದ್ದು, `rechnung` ಎಂದರೆ ಬಿಲ್, `Betrag` ಎಂದರೆ ಮೊತ್ತ. ಹಿರಿಯ ಎಂಜಿನಿಯರ್ ಇದನ್ನು ಓದಿ ಐದು ಟಿಪ್ಪಣಿ ಹಾಕಿದರು.

ಮೊದಲನೆಯದು: ‘ಡಸ್ ಕ್ನಲ್ಟ್ ಬೈ 1.234,50.’ ಈ ಸಂಖ್ಯೆ ಬಂದರೆ ಸಿಡಿಯುತ್ತದೆ. ಜರ್ಮನ್ನರು ಸಾವಿರದ ಜಾಗದಲ್ಲಿ ಚುಕ್ಕಿ ಇಟ್ಟು, ದಶಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ. ನಾವು 1,234.50 ಎಂದು ಬರೆಯುವುದನ್ನು ಅವರು ತಿರುಗುಮುರುಗಾಗಿ ಬರೆಯುತ್ತಾರೆ. ಜಾವಾದ `parseDouble` ಅಲ್ಪವಿರಾಮ ಕಂಡ ಕೂಡಲೇ ದೋಷ ಎಸೆದು ನಿಲ್ಲುತ್ತದೆ.

ಎರಡನೆಯದು: ‘ವಸ್ ಪಸೀರ್ಟ್ ಐಗೆಂಟ್ಲಿಶ್ ಬೈ 1.234?’ ಅಂದಹಾಗೆ, 1.234 ಬಂದರೆ ಏನಾಗುತ್ತೆ? ಕೇಳಲು ಸುಮ್ಮನೆ ಕುತೂಹಲದ ಪ್ರಶ್ನೆ.

ಮೂರನೆಯದು: ‘ಬಿಟ್ಟೆ ಉಮ್‌ಬೆನೆನೆನ್.’ ದಯವಿಟ್ಟು ಹೆಸರು ಬದಲಿಸುವುದು. `b` ಬದಲು `betrag` ಇರಲಿ.

ನಾಲ್ಕನೆಯದು: ‘ಇಶ್ ವ್ಯೂರ್ಡೆ ಹೀರ್ ಬಿಗ್‌ಡೆಸಿಮಲ್ ನೇಮೆನ್.’ ನಾನಾದರೆ ಇಲ್ಲಿ `BigDecimal` ಬಳಸುತ್ತಿದ್ದೆ.

ಐದನೆಯದು `if` ಸಾಲಿನ ಪಕ್ಕದಲ್ಲಿ: ‘ಕನ್ ಮನ್ ಜ಼ೋ ಮಖೆನ್.’

ಧ್ವನಿಯನ್ನಷ್ಟೇ ಕೇಳಿದರೆ ಮೊದಲನೆಯದು ಗದರಿಕೆ, ಮೂರನೆಯದು ಅಪ್ಪಣೆ, ಉಳಿದ ಮೂರು ಸಲಹೆ. ಹುಡುಗ ಹಾಗೆಯೇ ಓದಿದ. ಹೆಸರು ಬದಲಿಸಿದ. ಅಲ್ಪವಿರಾಮದ ಜಾಗಕ್ಕೆ ಚುಕ್ಕಿ ಹಾಕುವ ಒಂದು ಸಾಲು ಸೇರಿಸಿದ. ಉಳಿದವನ್ನು ಬಿಟ್ಟ. ಕೋಡು ಮತ್ತೆ ಸಿಡಿಯಿತು. ಅಲ್ಪವಿರಾಮವನ್ನು ಚುಕ್ಕಿ ಮಾಡಿದರೆ 1.234,50 ಎಂಬುದು 1.234.50 ಆಗುತ್ತದೆ, ಎರಡು ಚುಕ್ಕಿ ಇರುವ ಸಂಖ್ಯೆಯನ್ನೂ ಜಾವಾ ಓದುವುದಿಲ್ಲ.

ನಿಜವಾದ ಅಪಾಯ ಇದ್ದದ್ದು ಎರಡನೇ ಟಿಪ್ಪಣಿಯಲ್ಲಿ. 1.234 ಎಂದು ಟೈಪ್ ಮಾಡುವ ಜರ್ಮನ್ ವ್ಯಾಪಾರಿಗೆ ಅದು ಸಾವಿರದ ಇನ್ನೂರ ಮೂವತ್ತನಾಲ್ಕು ಯೂರೊ. ಈ ಕೋಡು ಯಾವ ದೋಷವನ್ನೂ ತೋರಿಸದೆ ಅದನ್ನು ಒಂದು ಯೂರೊ ಚಿಲ್ಲರೆ ಎಂದು ಓದಿ ಬಿಲ್ ಮಾಡುತ್ತದೆ. ಸಿಡಿಯುವ ತಪ್ಪು ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆ; ಸದ್ದಿಲ್ಲದೆ ನಡೆಯುವ ಇದು ವರ್ಷದ ಲೆಕ್ಕ ಮುಗಿಸುವಾಗ ಹೊರಬೀಳುತ್ತದೆ. ಅದು ಹಿರಿಯರಿಗೆ ಗೊತ್ತಿತ್ತು. ‘ನೀನೇ ಪರೀಕ್ಷೆ ಮಾಡಿ ನೋಡು, ತಿಳಿಯುತ್ತದೆ’ ಎಂಬುದನ್ನೇ ಅವರು ಪ್ರಶ್ನೆ ಮಾಡಿ ಕೇಳಿದ್ದರು.

‘ಐಗೆಂಟ್ಲಿಶ್’ ಎಂಬ ಆ ಪದದ ಮೇಲೆ ಕಣ್ಣಿಡಬೇಕು. ಪ್ರಶ್ನೆಯಲ್ಲಿ ಬಂದರೆ ಅದು ಮಾತನ್ನು ಮೆತ್ತಗೆ ಮಾಡುತ್ತದೆ. ಹೇಳಿಕೆಯಲ್ಲಿ ಬಂದರೆ ಮಾತಿನ ಬುಡವನ್ನೇ ಅಲುಗಾಡಿಸುತ್ತದೆ. ‘ಐಗೆಂಟ್ಲಿಶ್ ಫೆರ್ಟಿಶ್’ ಎಂದು ಯಾರಾದರೂ ಡೈಲಿಯಲ್ಲಿ ಹೇಳಿದರೆ, ‘ಮುಗಿದ ಹಾಗೇ’ ಎಂದರ್ಥ. ಕೆಲಸ ಮುಗಿದಿಲ್ಲ ಎಂದು ತಿಳಿಯಿರಿ.

ನಾಲ್ಕನೆಯದರ ‘ವ್ಯೂರ್ಡೆ’ಯೂ ಅಷ್ಟೇ ಮೋಸದ್ದು. ‘ನಾನಾದರೆ’ ಎಂದ ಮೇಲೆ ಅದು ಅವರ ಅಭಿರುಚಿ, ನನಗೆ ಬೇಕಿದ್ದರೆ ಮಾಡಬಹುದು ಎನಿಸುತ್ತದೆ. ವಿಷಯ ಹಣದ್ದು ಎಂಬುದನ್ನು ಜೊತೆಗಿಟ್ಟು ಓದಬೇಕು. `double` ಬಗೆಯ ಸಂಖ್ಯೆಗಳಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ, ದಶಾಂಶದ ಆ ಸಂಖ್ಯೆಗಳನ್ನು ಎರಡರ ಘಾತಗಳಲ್ಲಿ ನಿಖರವಾಗಿ ಇಡಲು ಆಗುವುದಿಲ್ಲ. ಬಿಲ್ಲಿನಲ್ಲಿ ಇದು ಸಲ್ಲದು. ಹಾಗಾಗಿ ‘ನಾನಾದರೆ’ ಎಂಬುದು ಇಲ್ಲಿ ‘ಮಾಡಲೇಬೇಕು’ ಎಂದೇ. ಒಂದು ಫಂಕ್ಷನ್ನಿನ ಹೆಸರಿನ ಬಗ್ಗೆ ಅದೇ ‘ವ್ಯೂರ್ಡೆ’ ಬಂದಿದ್ದರೆ ನಿಜಕ್ಕೂ ಅಭಿರುಚಿಯೇ ಆಗಿರಬಹುದಿತ್ತು. ವ್ಯಾಕರಣ ಒಂದೇ, ತೂಕ ಗೊತ್ತಾಗುವುದು ವಿಷಯದಿಂದ.

ಐದನೆಯದು ಎಲ್ಲಕ್ಕಿಂತ ಆಳದಲ್ಲಿತ್ತು. `b > 0` ಇದ್ದರೆ ಮಾತ್ರ ಬಿಲ್ಲಿಗೆ ಹಾಕು ಎಂದು ಕೋಡು ಹೇಳುತ್ತದೆ. ಮಾಲು ವಾಪಸಾದಾಗ ಗ್ರಾಹಕನ ಖಾತೆಗೆ ಜಮಾ ಮಾಡುವ ಚೀಟಿ, ಜರ್ಮನ್‌ನಲ್ಲಿ ‘ಗೂಟ್‌ಶ್ರಿಫ್ಟ್’, ಈ ತಂತ್ರಾಂಶದಲ್ಲಿ ಋಣ ಸಂಖ್ಯೆಯಾಗಿ ಬರುತ್ತದೆ. ಅವೆಲ್ಲ ಸದ್ದಿಲ್ಲದೆ ಬಿಟ್ಟುಹೋಗುತ್ತಿದ್ದವು. ‘ಹೀಗೂ ಮಾಡಬಹುದು’ ಎಂಬ ಮಾತು ಹೊರಟದ್ದು ಈ ಅನುಮಾನದಿಂದ. ಇದಕ್ಕೆ ಹುಡುಗನನ್ನು ದೂರುವಂತಿಲ್ಲ. ಅನುಮಾನವನ್ನು ಬಾಯಿಬಿಟ್ಟು ಬರೆಯದೆ ಹೋದದ್ದು ಹಿರಿಯರ ತಪ್ಪು.

ಇನ್ನು ಅಪ್ಪಣೆಯಂತೆ ಕೇಳಿದ ಮೂರನೆಯದು? ಅದು ಐದರಲ್ಲಿ ಅತಿ ಹಗುರ. ‘ಬಿಟ್ಟೆ ಉಮ್‌ಬೆನೆನೆನ್’ನಲ್ಲಿ ಕ್ರಿಯಾಪದ ಮೂಲರೂಪದಲ್ಲೇ ಇದೆ, ನೀನು, ನೀವು ಯಾವುದೂ ಇಲ್ಲ. ಆಮಂತ್ರಣ ಪತ್ರಿಕೆಯಲ್ಲಿ ‘ತಪ್ಪದೆ ಬರುವುದು’ ಎಂದೂ, ಕಚೇರಿ ಸೂಚನೆಯಲ್ಲಿ ‘ಸಹಿ ಮಾಡುವುದು’ ಎಂದೂ ನಾವು ಬರೆಯುವ ಧಾಟಿಯೇ ಅದು. ಕನ್ನಡಿಗರಿಗೆ ಇದು ಒಗ್ಗಬೇಕಾದ ರೂಪ. ತಾವೇ ಟಿಪ್ಪಣಿ ಬರೆಯುವಾಗಲೂ ಇದನ್ನೇ ಹಿಡಿದರೆ ಒರಟಾಗುವ ಭಯವಿಲ್ಲ.

‘ಬೇಕಾಗಿಲ್ಲ’ವೋ, ‘ಬಾರದು’ವೋ

ಎರಡನೇ ಸುತ್ತಿನಲ್ಲಿ ಇನ್ನೊಂದು ಟಿಪ್ಪಣಿ ಬಂತು: ‘ಡೆನ್ ಆಲ್ಟೆನ್ ಟೆಸ್ಟ್ ಮುಸ್ಟ್ ಡೂ ನಿಶ್ಟ್ ಎಂಡರ್ನ್.’ ಇಂಗ್ಲಿಷಿನ ‘ಮಸ್ಟ್ ನಾಟ್’ ತಲೆಯಲ್ಲಿದ್ದವರಿಗೆ ‘ಹಳೆಯ ಟೆಸ್ಟನ್ನು ಬದಲಿಸಬಾರದು’ ಎಂದು ಕೇಳಿಸುತ್ತದೆ. ಜರ್ಮನ್‌ನಲ್ಲಿ ಅದು ‘ಬದಲಿಸಬೇಕಾಗಿಲ್ಲ’. ಬಾರದು ಎನ್ನಬೇಕಿದ್ದರೆ ‘ಮುಸ್ಟ್’ ಜಾಗದಲ್ಲಿ ‘ಡಾರ್ಫ್‌ಸ್ಟ್’ ಬರಬೇಕಿತ್ತು. ಕನ್ನಡ ಈ ಎರಡನ್ನೂ ಬೇರೆಬೇರೆಯಾಗಿ ಇಟ್ಟಿದೆ. ಜರ್ಮನ್ ವಾಕ್ಯವನ್ನು ಇಂಗ್ಲಿಷಿಗೆ ಹಾಯಿಸದೆ ನೇರ ಕನ್ನಡಕ್ಕೆ ತಂದುಕೊಂಡರೆ ಈ ತಪ್ಪು ಆಗುವುದೇ ಇಲ್ಲ.

ಸರಿಯಾದ ಕೋಡು ಕೊನೆಗೆ ಹೀಗಾಯಿತು:

```java
DecimalFormat df = (DecimalFormat)
    NumberFormat.getInstance(Locale.GERMANY);
df.setParseBigDecimal(true);
BigDecimal betrag = (BigDecimal) df.parse(eingabe);
```

ಸಂಖ್ಯೆಯನ್ನು ಜರ್ಮನ್ ಪದ್ಧತಿಯಲ್ಲೇ ಓದು ಎಂದು ಇದು ಹೇಳುತ್ತದೆ. 1.234,50 ಈಗ ಸರಿ, 1.234 ಕೂಡ ಸರಿ. `if` ಸಾಲನ್ನು ಕಿತ್ತುಹಾಕಿದ್ದರಿಂದ ಜಮಾ ಚೀಟಿಯೂ ದಾಖಲಾಗುತ್ತದೆ. ಟಿಪ್ಪಣಿಗೆ ಉತ್ತರವಾಗಿ ‘ಇಸ್ಟ್ ಐನ್‌ಗೆಬೌಟ್’, ಅಂದರೆ ‘ಸೇರಿಸಿದ್ದೇನೆ’ ಎಂದು ಹುಡುಗ ಬರೆದ. ಹಿರಿಯರಿಂದ ‘ಪಸ್ಟ್’ ಎಂಬ ಒಂದೇ ಪದ ಬಂತು. ಸರಿ ಇದೆ ಎಂದರ್ಥ. ಇಷ್ಟೇನಾ ಎಂದು ಬೇಸರಿಸಬೇಕಾಗಿಲ್ಲ. ‘ಬೈಯಲಿಲ್ಲ ಎಂದರೆ ಹೊಗಳಿದಂತೆಯೇ’ ಎಂಬ ಅರ್ಥದ ಗಾದೆಯೇ ಆ ಶ್ವಾಬೆನ್ ಸೀಮೆಯಲ್ಲಿದೆ. ಆದರೆ ‘ಪಸ್ಟ್’ ಜಾಗದಲ್ಲಿ ‘ಫೊನ್ ಮೀರ್ ಔಸ್’ ಬಂದಿದ್ದರೆ ಎಚ್ಚರ ಬೇಕಿತ್ತು. ‘ನನ್ನದೇನೂ ತಕರಾರಿಲ್ಲ, ನಿಮ್ಮಿಷ್ಟ’ ಎಂಬ ಅರೆಮನಸ್ಸಿನ ಒಪ್ಪಿಗೆ ಅದು.

ಮರುದಿನ ಬೆಳಗಿನ ಡೈಲಿ

ಕೋಡು ಸರಿಯಾದರೂ ಒಂದು ಕೊಕ್ಕೆ ಉಳಿಯಿತು. ಯಾರಾದರೂ ಇಂಗ್ಲಿಷ್ ರೂಢಿಯಂತೆ 1234.50 ಎಂದು ಟೈಪ್ ಮಾಡಿದರೆ? ಜರ್ಮನ್ ಪದ್ಧತಿಯಲ್ಲಿ ಚುಕ್ಕಿ ಸಾವಿರದ ಗುರುತು ಮಾತ್ರ. ಜಾವಾ ಅದು ಎಲ್ಲಿ ಬಿದ್ದಿದೆ ಎಂದು ನೋಡದೆ ದಾಟಿಹೋಗಿ 123450 ಎಂದು ಓದುತ್ತದೆ. ಮೊತ್ತ ನೂರು ಪಟ್ಟು! ಇಂಥದ್ದನ್ನು ತಿರಸ್ಕರಿಸಬೇಕೋ, ಎಚ್ಚರಿಕೆ ತೋರಿಸಬೇಕೋ ಎಂಬುದು ಪ್ರೋಗ್ರಾಮರ್ ಒಬ್ಬನೇ ತೀರ್ಮಾನಿಸುವ ವಿಷಯವಲ್ಲ. ಲೆಕ್ಕಪತ್ರ ವಿಭಾಗ ಹೇಳಬೇಕು. ಹುಡುಗ ಡೈಲಿಯಲ್ಲಿ ಇದನ್ನು ಹೇಳಲು ನಾಲ್ಕು ವಾಕ್ಯ ಸಾಕು:

‘ಗೆಸ್ಟರ್ನ್ ಹಾಬೆ ಇಶ್ ಡೀ ಕೊಮೆಂಟಾರೆ ಐನ್‌ಗೆಆರ್ಬೈಟೆಟ್.’ ನಿನ್ನೆ ಟಿಪ್ಪಣಿಗಳನ್ನೆಲ್ಲ ಅಳವಡಿಸಿದೆ. ‘ಹೊಯ್ಟೆ ಮಖೆ ಇಶ್ ಮಿಟ್ ಡೆನ್ ಗೂಟ್‌ಶ್ರಿಫ್ಟೆನ್ ವೈಟರ್.’ ಇವತ್ತು ಜಮಾ ಚೀಟಿಗಳ ಕೆಲಸ ಮುಂದುವರಿಸುತ್ತೇನೆ. ‘ಬೈ ಡೆರ್ ಐನ್‌ಗಾಬೆ ಮಿಟ್ ಪುಂಕ್ಟ್ ಕೊಮ್ಮೆ ಇಶ್ ನಿಶ್ಟ್ ವೈಟರ್.’ ಚುಕ್ಕಿ ಹಾಕಿ ಟೈಪ್ ಮಾಡುವವರ ವಿಷಯದಲ್ಲಿ ಮುಂದೆ ಹೋಗಲಾಗುತ್ತಿಲ್ಲ. ‘ಇಶ್ ಬ್ರೌಖೆ ಐನೆ ಎಂಟ್‌ಶೈಡುಂಗ್.’ ಒಂದು ತೀರ್ಮಾನ ಬೇಕು.

ಕೊನೆಯ ವಾಕ್ಯವೇ ಮುಖ್ಯ. ‘ಸಿಕ್ಕಿಹಾಕಿಕೊಂಡಿದ್ದೇನೆ’ ಎಂದಷ್ಟೇ ಹೇಳಿ ಸುಮ್ಮನಾದರೆ ಜರ್ಮನ್ ತಂಡದಲ್ಲಿ ಯಾರೂ ತಾವಾಗಿ ಎದ್ದು ಬರದಿರಬಹುದು. ಬೇಕಾದ್ದೇನೆಂದು ಹೇಳಿದ ಮೇಲೆ ಸಹಾಯ ಬರುತ್ತದೆ.

ಅದಕ್ಕೆ ಯಾರೋ ಹೇಳಬಹುದು: ‘ಡಾ ಮ್ಯೂಸ್ಟೆ ಮನ್ ಮಾಲ್ ಡೀ ಬೂಖ್‌ಹಾಲ್ಟುಂಗ್ ಫ್ರಾಗೆನ್.’ ಲೆಕ್ಕಪತ್ರದವರನ್ನು ಒಮ್ಮೆ ಕೇಳಬೇಕಿತ್ತು. ಕೇಳಬೇಕು ನಿಜ, ಯಾರು? ‘ಮನ್’ ಎಂದರೆ ಯಾರಾದರೂ ಒಬ್ಬರು. ಈ ವಾಕ್ಯ ಬಿದ್ದ ಕೆಲಸಕ್ಕೆ ಯಜಮಾನರಿಲ್ಲ. ಮುಂದಿನ ವಾರವೂ ಅದೇ ವಾಕ್ಯ ಕೇಳಿಬರುತ್ತದೆ. ಆಗಲೇ ‘ವೇರ್ ಮಖ್ಟ್ ಡಸ್?’, ಅಂದರೆ ‘ಯಾರು ಮಾಡುತ್ತೀರಿ?’ ಎಂದು ಕೇಳುವುದು ಒರಟುತನವಲ್ಲ. ಚರ್ಚೆ ಉದ್ದವಾದರೆ ‘ಡಸ್ ಕ್ಲೇರೆನ್ ವೀರ್ ಇಮ್ ಅನ್‌ಶ್ಲುಸ್’ ಎಂದು ಕತ್ತರಿಸುತ್ತಾರೆ. ಸಭೆ ಮುಗಿದ ಮೇಲೆ ಸಂಬಂಧಪಟ್ಟವರು ಮಾತ್ರ ಕೂತು ಬಗೆಹರಿಸೋಣ ಎಂದು.

ಕೂರುವ ಸಮಯದಲ್ಲೂ ಒಂದು ಬಲೆ ಇದೆ. ‘ಉಮ್ ಹಲ್ಪ್ ಎಲ್ಫ್’ ಎಂದರೆ ಹತ್ತೂವರೆ. ‘ಹನ್ನೊಂದರ ಅರ್ಧ’ ಎಂಬಂಥ ಮಾತು ಅದು; ಹತ್ತರಿಂದ ಹನ್ನೊಂದರ ಕಡೆ ಅರ್ಧ ದಾರಿ ಬಂದಿದೆ. ಹನ್ನೊಂದೂವರೆಗೆ ಬಂದು ಕೂತರೆ ಖಾಲಿ ಕೋಣೆ ಕಾಯುತ್ತಿರುತ್ತದೆ. ಟಿಕೆಟ್ ಸಂಖ್ಯೆಯೂ ಹಾಗೆಯೇ. ನಲವತ್ತೇಳನ್ನು ಅವರು ‘ಏಳೂ ನಲವತ್ತೂ’ ಎಂದು ಹೇಳುವುದರಿಂದ 47 ಕೇಳಿಸಿಕೊಂಡವರು 74 ಎಂದು ಬರೆದುಕೊಂಡಿರುತ್ತಾರೆ. ಸಮಯ ಮತ್ತು ಸಂಖ್ಯೆಯನ್ನು ಚಾಟ್‌ನಲ್ಲಿ ಅಂಕಿಯಲ್ಲಿ ಹಾಕಿಬಿಡುವುದೇ ಉಪಾಯ.

ವಾಕ್ಯ ಮುಗಿಯುವವರೆಗೆ ಕಿವಿ ಕೊಡಬೇಕು ಎಂಬುದು ಕನ್ನಡಿಗರಿಗೆ ಹೊಸದಲ್ಲ. ನಮ್ಮ ‘ಇಲ್ಲ’ ಬರುವುದೂ ಕೊನೆಯಲ್ಲೇ. ‘ಇಶ್ ಶ್ಟೆಲ್ಲೆ ಡೆನ್ ಟೆಸ್ಟ್‌ಸರ್ವರ್ ನಾಖ್ ಡೆಮ್ ಮಿಟಾಗ್‌ಎಸೆನ್ ಅಪ್’ ಎಂದರೆ ಊಟದ ನಂತರ ಟೆಸ್ಟ್ ಸರ್ವರನ್ನು ನಿಲ್ಲಿಸುತ್ತೇನೆ. ಕೊನೆಯ ‘ಅಪ್’ ಬದಲು ‘ಉಮ್’ ಬಂದರೆ ಹೊಸ ವ್ಯವಸ್ಥೆಗೆ ಬದಲಾಯಿಸುತ್ತೇನೆ. ಗಲಾಟೆಯ ವಿಡಿಯೊ ಕರೆಯಲ್ಲಿ ಆ ಕೊನೆಯ ತುಣುಕೇ ಮೊದಲು ನುಂಗಿಹೋಗುತ್ತದೆ.

ಎದುರು ದಿಕ್ಕಿನ ತಪ್ಪು ತಿಳಿವಳಿಕೆಯೂ ಇದೆ. ‘ಶುಕ್ರವಾರದೊಳಗೆ ಆಗುತ್ತಾ?’ ಎಂದರೆ ನಮ್ಮವರು ‘ಆಯ್ತು’ ಎನ್ನುವ ಅಭ್ಯಾಸದಲ್ಲಿ ‘ಯಾ, ಮಖೆ ಇಶ್’ ಎಂದುಬಿಡುತ್ತಾರೆ. ‘ಪ್ರಯತ್ನಿಸುತ್ತೇನೆ’ ಎಂಬುದು ಮನಸ್ಸಿನಲ್ಲಿ. ಕೇಳಿಸಿಕೊಂಡವರು ಅದನ್ನು ಮಾತು ಕೊಟ್ಟಂತೆ ಬರೆದುಕೊಳ್ಳುತ್ತಾರೆ. ಖಾತ್ರಿ ಇಲ್ಲದಿದ್ದರೆ ‘ಜ಼ಿಶರ್ ಇಸ್ಟ್ ಎಸ್ ನೋಖ್ ನಿಶ್ಟ್’ (ಇನ್ನೂ ಖಚಿತವಿಲ್ಲ) ಎಂದು ಸೇರಿಸುವುದು ಅಲ್ಲಿ ಮರ್ಯಾದೆಗೆ ಕುಂದಲ್ಲ. ಹಾಗೆಯೇ ಐವತ್ತೈದು ವರ್ಷದವರನ್ನು ‘ಡೂ’ ಎನ್ನಲು ನಾಲಿಗೆ ತೊದಲಿದರೂ, ಅವರೇ ಹಾಗೆ ಕರೆಯುತ್ತಿದ್ದರೆ ಹಾಗೆಯೇ ಕರೆಯಬೇಕು. ಅದು ನಮ್ಮ ಏಕವಚನದ ‘ನೀನು’ ಅಲ್ಲ. ಬ್ಯಾಂಕು, ಇಲಾಖೆಗಳ ಗ್ರಾಹಕರ ಜೊತೆಗೆ ಮಾತ್ರ ‘ಜ಼ೀ’ ಉಳಿಸಿಕೊಂಡರೆ ಸಾಕು.

ತೂಕವನ್ನು ಬರೆದೇ ಇಡಿ

ನಾಲ್ಕು ದೇಶದವರು ಕೂತ ತಂಡದಲ್ಲಿ ‘ವ್ಯೂರ್ಡೆ’ ಎಷ್ಟು ಭಾರ ಎಂದು ಎಲ್ಲರೂ ಊಹಿಸುತ್ತ ಕೂರುವುದರಲ್ಲಿ ಅರ್ಥವಿಲ್ಲ. ಟಿಪ್ಪಣಿಯ ಮುಂದೆ ತೂಕದ ಚೀಟಿ ಅಂಟಿಸುವ ಪದ್ಧತಿಯೊಂದು ಪ್ರಚಾರದಲ್ಲಿದೆ. ‘ಕನ್ವೆನ್ಷನಲ್ ಕಾಮೆಂಟ್ಸ್’ ಎಂದು ಅದರ ಹೆಸರು. ಸೇರಿಸುವ ಮುನ್ನ ಸರಿಪಡಿಸಲೇಬೇಕಾದದ್ದಕ್ಕೆ `issue (blocking):`, ಸಲಹೆಗೆ `suggestion:`, ನಿಜಕ್ಕೂ ಪ್ರಶ್ನೆಯಾಗಿದ್ದರೆ `question:`, ಸಣ್ಣಪುಟ್ಟದ್ದಕ್ಕೆ `nitpick:`. ಆಮೇಲೆ ವಾಕ್ಯ ಜರ್ಮನ್‌ನಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಮೊದಲ ಪದ ಓದಿದರೆ ಸಾಕು. ನಮ್ಮ ಹುಡುಗನ ಎರಡು, ನಾಲ್ಕು, ಐದನೇ ಟಿಪ್ಪಣಿಗಳ ಮುಂದೆ ಮೊದಲನೆಯ ಚೀಟಿ ಇದ್ದಿದ್ದರೆ ಎರಡನೇ ಸುತ್ತೇ ಬೇಕಾಗುತ್ತಿರಲಿಲ್ಲ.

ರಿವ್ಯೂ ಟಿಪ್ಪಣಿ ಜರ್ಮನ್‌ನಲ್ಲಿದ್ದರೂ ಕೋಡಿನೊಳಗೆ ಉಳಿಯುವ ವಿವರಣೆಗಳು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿರಬೇಕು. ಟಿಪ್ಪಣಿ ಕೆಲಸ ಮುಗಿದ ಮೇಲೆ ಮರೆಯಾಗುತ್ತದೆ, ವಿವರಣೆ ದಶಕಗಟ್ಟಲೆ ಬದುಕುತ್ತದೆ. ಲಿಬ್ರೆ ಆಫೀಸ್ ಇದರ ಪಾಡು ಅನುಭವಿಸಿದೆ. ಅದರ ಮೂಲ ಜರ್ಮನಿಯ ಸ್ಟಾರ್ ಡಿವಿಷನ್ ಕಂಪನಿಯ ಸ್ಟಾರ್ ಆಫೀಸ್. ಸಾವಿರಾರು ವಿವರಣೆಗಳು ಜರ್ಮನ್‌ನಲ್ಲೇ ಉಳಿದಿದ್ದವು. 2010ರಲ್ಲಿ ಯೋಜನೆ ಸ್ವತಂತ್ರವಾದ ಮೇಲೆ ಸ್ವಯಂಸೇವಕರು ವರ್ಷಗಟ್ಟಲೆ ಕೂತು ಅವನ್ನು ಇಂಗ್ಲಿಷಿಗೆ ತಂದರು. ಅವನ್ನು ಹುಡುಕಲೆಂದೇ `find-german-comments` ಎಂಬ ಪುಟ್ಟ ಪ್ರೋಗ್ರಾಂ ಬರೆದುಕೊಳ್ಳಬೇಕಾಯಿತು. `Gutschrift`ನಂಥ ವ್ಯವಹಾರದ ಹೆಸರುಗಳನ್ನು ಮಾತ್ರ ಅನುವಾದಿಸದೆ ಬಿಡುವುದು ಲೇಸು. ಲೆಕ್ಕಪತ್ರದವರೊಂದಿಗೆ ಮಾತಾಡುವಾಗ ಬೇಕಾಗುವುದು ಅದೇ ಪದ.

ಚೀಟಿ ಅಂಟಿಸುವ ಅಭ್ಯಾಸ ಎಲ್ಲ ತಂಡಗಳಲ್ಲೂ ಇರುವುದಿಲ್ಲ. ಬಾಯಿಮಾತಿಗಂತೂ ಚೀಟಿ ಅಂಟುವುದಿಲ್ಲ. ಅಂಥ ಕಡೆ ಒಂದು ಪ್ರಶ್ನೆ ಕಲಿತಿಟ್ಟುಕೊಂಡರೆ ಸಾಕು: ‘ಇಸ್ಟ್ ಡಸ್ ಐನ್ ಬ್ಲಾಕರ್?’ ಇದನ್ನು ಸರಿಪಡಿಸದೆ ಮುಂದೆ ಹೋಗುವಂತಿಲ್ಲವೇ? ಇದಕ್ಕೆ ಬರುವ ಉತ್ತರ ಸಾಮಾನ್ಯವಾಗಿ ‘ಯಾ’ ಅಥವಾ ‘ನೈನ್’. ಒಂದೊಮ್ಮೆ ‘ಐಗೆಂಟ್ಲಿಶ್ ನಿಶ್ಟ್’ ಎಂದು ಬಂದರೆ, ಇನ್ನೇನೋ ಇದೆ ಎಂದು ತಿಳಿದು ಮತ್ತೊಮ್ಮೆ ಕೇಳಿ.